ಮನೆ ಬಿಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಿದರೆ

ಊರಿಗೆ ಹೊರಡುವ ಮುಂಚೆ ಫೋನು ಸಾಮಾನ್ಯವಾಗಿ ಎರಡು ಸಲ ನೆನಪಿಸುತ್ತದೆ. ಒಂದು ದಿನ ಮೊದಲು ಒಮ್ಮೆ, ಅರ್ಧ ಗಂಟೆ ಮೊದಲು ಇನ್ನೊಮ್ಮೆ. ಯಾವ ಪ್ರಯಾಣಕ್ಕಾದರೂ ಅಷ್ಟೇ. ಎರಡು ದಿನದ ಮದುವೆಗೆ ಹೊರಟರೂ ಅದೇ, ಮನೆಗೆ ಕೀಲಿ ಹಾಕಿ ತಿಂಗಳುಗಟ್ಟಲೆ ಮಗಳ ಮನೆಗೆ ಹೊರಟರೂ ಅದೇ. ಈ ಎರಡು ಹೊತ್ತಿಗೂ ನಿಜವಾಗಿ ಮಾಡಬೇಕಾದ ಕೆಲಸಗಳಿಗೂ ಏನೂ ಸಂಬಂಧ ಇಲ್ಲ ಅನ್ನುವುದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಒಂದು ದಿನ ಮೊದಲು ನೆನಪಾದರೆ ಆಧಾರ್‌ಗೆ ಜೋಡಿಸಿದ ಹಳೇ ನಂಬರ್ ಬದಲಾಯಿಸುವುದಕ್ಕೆ ಆಗುವುದಿಲ್ಲ. ಹಾಗಂತ ಅಡುಗೆಮನೆಯ ಗ್ಯಾಸನ್ನು ಒಂದು ದಿನ ಮೊದಲೇ ಬಂದ್ ಮಾಡಿ ಕೂರಲಿಕ್ಕೂ ಆಗುವುದಿಲ್ಲ. ಒಂದಕ್ಕೆ ತೀರಾ ತಡ, ಇನ್ನೊಂದಕ್ಕೆ ತೀರಾ ಬೇಗ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ, ಕಾಕು ಇಬ್ಬರೂ ಎಪ್ಪತ್ತರ ಹತ್ತಿರದವರು. ಮಗಳು ಪುಣೆಯಲ್ಲಿದ್ದಾಳೆ. ಸಂಕ್ರಾಂತಿಗೆ ಹೋದರೆ ಒಂದು ತಿಂಗಳು ಅಲ್ಲೇ. ಅವರು ಹೊರಡುವಾಗೆಲ್ಲ ತಯಾರಿಯ ಲೆಕ್ಕ ನಾನೇ ಇಡುತ್ತೇನೆ. ಅವರ ಒಂದೇ ಪ್ರಯಾಣವನ್ನು ಹಿಡಿದು, ಯಾವ ನೆನಪು ಯಾವಾಗ ಬಾರಿಸಬೇಕು, ಯಾಕೆ ಆಗಲೇ ಬಾರಿಸಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತೇನೆ.

ಹದಿಮೂರು ಅಂದರೆ ಯಾವ ರಾತ್ರಿ?

ಮೊದಲ ಗೊಂದಲ ದಿನಾಂಕದ್ದೇ. ಬೆಂಗಳೂರು ಕಡೆಯಿಂದ ಬಂದು ಬೆಳಗಾವಿ ಕಡೆ ಹೋಗುವ ಕೆಲವು ರೈಲುಗಳು ಹುಬ್ಬಳ್ಳಿಗೆ ಬರುವಷ್ಟರಲ್ಲಿ ಮಧ್ಯರಾತ್ರಿ ದಾಟಿರುತ್ತದೆ. ಕಾಕಾ ಅವರ ಟಿಕೆಟ್ ಅಂಥ ಒಂದು ರೈಲಿನದು. ಹುಬ್ಬಳ್ಳಿ ಬಿಡುವುದು ಜನವರಿ 13, ಹೊತ್ತು 00:35. ಅವರು ನಡುಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ 13ರ ಸುತ್ತ ಕೆಂಪು ಪೆನ್ನಿನಿಂದ ಒಂದು ಸುತ್ತು ಹಾಕಿದ್ದರು. ಫೋನಿನಲ್ಲೂ 13ಕ್ಕೇ ಗುರುತು. 12ರ ಮಧ್ಯಾಹ್ನ ಊಟ ಆದ ಮೇಲೆ ಕಾಕು ಅಂಗಳದಲ್ಲಿ ಕೂತು ಕುಸುರೆಳ್ಳು ಆರಿಸುತ್ತಿದ್ದರು. ಆಗ ಕಾಕಾ ಫೋನಿಗೆ ಚಾರ್ಟ್ ಸಿದ್ಧವಾಗಿದೆ ಅಂತ ಸಂದೇಶ ಬಂತು. ಬೋಗಿ, ಬರ್ತ್ ನಂಬರ್ ಎಲ್ಲ ಇತ್ತು. ಅವರು ಖುಷಿಯಿಂದ ನನಗೆ ತೋರಿಸಲು ಬಂದರು. ನಾನು ಹೊತ್ತು ನೋಡಿದೆ.

“ಕಾಕಾ, ರೈಲು ಇವತ್ತ ರಾತ್ರಿ ಐತಿ,” ಅಂದೆ.

ಕಾಕು ಮೊರ ಕೆಳಗಿಟ್ಟರು. “ಹದಿಮೂರಕ್ಕ ಅಂತ ಹೇಳ್ಯಾರಲ್ಲವಾ ತಂಗಿ? ಇನ್ನೂ ನಾಳೆ ಒಂದ ದಿನ ಐತಲ್ಲ.”

“ಇವತ್ತ ರಾತ್ರಿ ಹನ್ನೆರಡ ಹೊಡದ ಕೂಡ್ಲೆ ಹದಿಮೂರು ಶುರು ಆಗತೈತಿ ಕಾಕು. ಹನ್ನೊಂದರ ಒಳಗ ಮನಿ ಬಿಡಬೇಕು.”

ಆ ಸಂದೇಶ ಬರದೇ ಇದ್ದಿದ್ದರೆ ಅವರು 13ರ ರಾತ್ರಿ ಊಟ ಮಾಡಿ ಆರಾಮಾಗಿ ಸ್ಟೇಷನ್‌ಗೆ ಹೋಗುತ್ತಿದ್ದರು. ಅಷ್ಟರಲ್ಲಿ ಅವರ ರೈಲು ಪುಣೆ ಮುಟ್ಟಿ ಎಷ್ಟೋ ಹೊತ್ತಾಗಿರುತ್ತಿತ್ತು. ಅವತ್ತು ಎಂಟು ತಾಸಿನಲ್ಲಿ ಒಂದು ತಿಂಗಳ ಗಂಟು ಕಟ್ಟಿ ಕಳಿಸಿದೆವು. ಗುಳಿಗೆ ಅರ್ಧಂಬರ್ಧ ಹೋದವು, ಫ್ರಿಜ್ಜಿನ ಕಾಯಿಪಲ್ಯೆ ನಮ್ಮ ಮನೆಗೆ ಬಂತು, ಹಾಲಿನವನಿಗೆ ಹೇಳುವುದು ಉಳಿಯಿತು.

ಆಮೇಲೆ ಕಾಕಾ ಫೋನು ತೆಗೆದು ನೋಡಿದೆ. ಕ್ಯಾಲೆಂಡರಿನಲ್ಲಿ ಪ್ರಯಾಣದ ಹೊತ್ತು 00:35 ಅಂತ ಸರಿಯಾಗಿಯೇ ಇತ್ತು. ನೆನಪು ಒಂದು ದಿನ ಮೊದಲು ಅಂತ ಇಟ್ಟಿದ್ದರು. ಅಂದರೆ ಅದು ಬಾರಿಸಿದ್ದು 12ರ ನಸುಕಿನ 00:35ಕ್ಕೆ, ಇಡೀ ಓಣಿ ಮಲಗಿದಾಗ. ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಅದರ ಮೇಲೆ ಶುಭೋದಯದ ಚಿತ್ರಗಳು ಬಂದು ಕೂತಿದ್ದವು. ಫೋನು ಹೇಳಿದ ಕೆಲಸವನ್ನು ಸರಿಯಾಗಿಯೇ ಮಾಡಿದೆ. ನಾವು ಅದಕ್ಕೆ ರೈಲಿನ ಹೊತ್ತು ಹೇಳಿದ್ದೆವು, ಮನುಷ್ಯರ ಹೊತ್ತು ಹೇಳಿರಲಿಲ್ಲ.

ಅದಕ್ಕೇ ನಾನು ಈಗ ಟಿಕೆಟ್ಟಿನ ಹೊತ್ತಿನಿಂದ ಏನನ್ನೂ ಎಣಿಸುವುದಿಲ್ಲ. ಮನೆಯ ಹೊಸ್ತಿಲು ದಾಟುವ ಹೊತ್ತು ಯಾವುದು ಅಂತ ಮೊದಲು ಗೊತ್ತು ಮಾಡುತ್ತೇನೆ. ಈ ಪ್ರಯಾಣಕ್ಕೆ ಅದು 12ರ ರಾತ್ರಿ 10:45. ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಬೀಳುವುದು 12ಕ್ಕೆ. ಪಕ್ಕದಲ್ಲಿ “ರಾತ್ರಿ ಊಟ ಮಾಡಿ ಹೊರಡುವುದು” ಅಂತ ಬರೆಯುತ್ತೇನೆ. ಕಾಕಾ, ಕಾಕು ಇಬ್ಬರಿಗೂ ದಿನಾಂಕಕ್ಕಿಂತ ಊಟದ ಲೆಕ್ಕ ಗಟ್ಟಿ. ಫೋನಿನಲ್ಲೂ ಹಾಗೆಯೇ. ದಿನಗಳ ಲೆಕ್ಕದ ನೆನಪುಗಳೆಲ್ಲ ಬೆಳಿಗ್ಗೆ ಹತ್ತರಿಂದ ಸಂಜೆ ಆರರ ಒಳಗೆ ಬಾರಿಸುವಂತೆ ಇಡುತ್ತೇನೆ. ಔಷಧಿ ಅಂಗಡಿ ತೆರೆದಿರಬೇಕು, ಆಧಾರ್ ಕೇಂದ್ರ ತೆರೆದಿರಬೇಕು, ಕಾಕು ಎಚ್ಚರ ಇರಬೇಕು.

ಟಿಕೆಟ್‌ಗೂ ಮೊದಲಿನ ಕೆಲಸ

ಮರುವರ್ಷ ಅದೇ ಸಂಕ್ರಾಂತಿ, ಅದೇ ರೈಲು, ಅದೇ ಜನವರಿ 13. ಈ ಸಲ ಎಣಿಕೆ ಬೇಗ ಶುರು ಮಾಡಿದೆ.

ಈಗ ರೈಲು ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ. 2024ರ ನವೆಂಬರ್ 1ಕ್ಕಿಂತ ಮೊದಲು 120 ದಿನ ಇತ್ತು. ಹೊರಡುವ ದಿನವನ್ನು ಬಿಟ್ಟು ಎಣಿಸಬೇಕು. ಜನವರಿ 13ರಿಂದ ಹಿಂದಕ್ಕೆ 60 ದಿನ ಅಂದರೆ ನವೆಂಬರ್ 14. ಆದರೆ ಇಲ್ಲೂ ಆ ಮಧ್ಯರಾತ್ರಿಯೇ ಅಡ್ಡ ಬರುತ್ತದೆ. 60 ದಿನದ ಲೆಕ್ಕ ರೈಲು ತನ್ನ ಮೊದಲ ಸ್ಟೇಷನ್ ಬಿಡುವ ದಿನದ್ದು. ಹುಬ್ಬಳ್ಳಿಗೆ 13ರ ನಸುಕಿಗೆ ಬರುವ ರೈಲು ಅಲ್ಲಿ 12ಕ್ಕೇ ಹೊರಟಿರುತ್ತದೆ. ಹಾಗಾಗಿ ಟಿಕೆಟ್ ತೆರೆಯುವುದು ನವೆಂಬರ್ 13ರ ಬೆಳಿಗ್ಗೆ 8ಕ್ಕೆ. 14ಕ್ಕೆ ಕಾದು ಕೂತವರಿಗೆ ಹಬ್ಬದ ಹೊತ್ತಿನಲ್ಲಿ ಒಂದು ಇಡೀ ದಿನ ಹಿಂದೆ ಬಿದ್ದಂತೆ. ತತ್ಕಾಲ್‌ಗೂ ಇದೇ ಮಾತು. ಎಸಿ ತತ್ಕಾಲ್ ಬೆಳಿಗ್ಗೆ 10ಕ್ಕೆ, ಸ್ಲೀಪರ್ 11ಕ್ಕೆ, ಹಿಂದಿನ ದಿನ ತೆರೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಆ ಹಿಂದಿನ ದಿನ ಕೂಡ ಮೊದಲ ಸ್ಟೇಷನ್ನಿನ ಲೆಕ್ಕದ್ದೇ. ಈ ರೈಲಿಗೆ ಅದು ಜನವರಿ 11. 12ರ ಬೆಳಿಗ್ಗೆ ಹತ್ತಕ್ಕೆ ಫೋನು ಹಿಡಿದು ಕೂತರೆ ಮುಗಿದ ಸಂತೆಗೆ ಹೋದ ಹಾಗೆ.

ಸರಿ, ನವೆಂಬರ್ 13ಕ್ಕೆ ನೆನಪು ಇಟ್ಟರೆ ಆಯ್ತಾ? ಅಷ್ಟೇ ಸಾಲದು. ಟಿಕೆಟ್ ತೆರೆಯುವ ಹೊತ್ತಿಗೆ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕಾದರೆ ಐಆರ್‌ಸಿಟಿಸಿ ಖಾತೆ ಆಧಾರ್ ಜೊತೆ ಜೋಡಣೆ ಆಗಿರಬೇಕು. ತತ್ಕಾಲ್‌ಗೆ ಈ ನಿಯಮ 2025ರ ಜುಲೈನಲ್ಲಿ ಬಂತು. ಅದೇ ವರ್ಷ ಅಕ್ಟೋಬರ್‌ನಿಂದ ಸಾಮಾನ್ಯ ಬುಕಿಂಗ್ ತೆರೆದ ಮೊದಲ ಹೊತ್ತಿಗೂ ಬಂತು. ಜೋಡಣೆಗೆ ಒಟಿಪಿ ಬೇಕು. ಒಟಿಪಿ ಬರುವುದು ಆಧಾರ್‌ನಲ್ಲಿರುವ ಮೊಬೈಲ್ ನಂಬರಿಗೆ. ಕಾಕಾ ಆಧಾರ್‌ನಲ್ಲಿ ಇದ್ದದ್ದು ಅವರು ನೌಕರಿಯಲ್ಲಿದ್ದಾಗಿನ ನಂಬರ್. ಆ ಸಿಮ್ ಬಂದ್ ಆಗಿ ಯಾವ ಕಾಲ ಆಯಿತೋ. ಇದು ಗೊತ್ತಾಗಿದ್ದು ಅಕ್ಟೋಬರ್ ಮೊದಲ ವಾರದಲ್ಲಿ, ಸುಮ್ನೆ ಒಂದು ಸಲ ಒಟಿಪಿ ತರಿಸಿ ನೋಡೋಣ ಅಂತ ಕೂತಾಗ. ಕಾಕಾ ಆಧಾರ್ ಕೇಂದ್ರಕ್ಕೆ ಹೋಗಿ, ಸರದಿಯಲ್ಲಿ ನಿಂತು, ಬೆರಳಚ್ಚು ಕೊಟ್ಟು ಹೊಸ ನಂಬರ್ ಸೇರಿಸಿದರು. ಅದು ದಾಖಲೆಯಲ್ಲಿ ಸೇರಲು ಮತ್ತೆ ಕೆಲವು ದಿನ. ನವೆಂಬರ್ 12ರ ಸಂಜೆ ಗೊತ್ತಾಗಿದ್ದರೆ 13ರ ಬೆಳಿಗ್ಗೆ ಎಂಟಕ್ಕೆ ಏನೂ ಮಾಡಲು ಆಗುತ್ತಿರಲಿಲ್ಲ.

ನೆನಪಿನ ಹೊತ್ತನ್ನು ಹೇಗೆ ಗೊತ್ತು ಮಾಡಬೇಕು ಅನ್ನುವುದು ನನಗೆ ಸ್ಪಷ್ಟವಾದದ್ದು ಇಲ್ಲೇ. ಒಂದು ಕೆಲಸ ಮಾಡಲು ಎಷ್ಟು ಹೊತ್ತು ಬೇಕು ಅಂತ ಕೇಳಬಾರದು. ಅದು ಕೆಟ್ಟರೆ ಸರಿ ಮಾಡಲು ಎಷ್ಟು ದಿನ ಬೇಕು ಅಂತ ಕೇಳಬೇಕು. ಒಟಿಪಿ ಬರುತ್ತದೋ ಇಲ್ಲವೋ ನೋಡಲು ಎರಡು ನಿಮಿಷ ಸಾಕು. ಬರದಿದ್ದರೆ ಎರಡು ಮೂರು ವಾರ ಕೈಯಲ್ಲಿರಬೇಕು. ಆದ್ದರಿಂದ ಆ ಎರಡು ನಿಮಿಷದ ಕೆಲಸಕ್ಕೆ ನೆನಪು ಬಾರಿಸಬೇಕಾದದ್ದು ಟಿಕೆಟ್ ತೆರೆಯುವ ದಿನಕ್ಕಿಂತ ಒಂದು ತಿಂಗಳ ಮೊದಲು.

ಗುರುತಿನ ಚೀಟಿಗೂ ಇದೇ ಅಳತೆ. ಒಂದೇ ಟಿಕೆಟ್‌ನಲ್ಲಿ ಹೋಗುವವರಲ್ಲಿ ಒಬ್ಬರ ಬಳಿಯಾದರೂ ಮೂಲ ಗುರುತಿನ ಚೀಟಿ ಇರಬೇಕು. ಫೋನಿನ ಡಿಜಿಲಾಕರ್‌ನಲ್ಲಿರುವ ಆಧಾರ್ ಕೂಡ ನಡೆಯುತ್ತದೆ. ಆದರೆ ಅದು ಇಲಾಖೆಯಿಂದಲೇ ಬಂದ ದಾಖಲೆಗಳ ವಿಭಾಗದಲ್ಲಿ ಇರಬೇಕು. ನಾವೇ ಫೋಟೋ ತೆಗೆದು ಏರಿಸಿಟ್ಟದ್ದು ಲೆಕ್ಕಕ್ಕಿಲ್ಲ. ಕಾಕಾ ಫೋನಿನಲ್ಲಿ ಇದ್ದದ್ದು ಏರಿಸಿಟ್ಟ ಫೋಟೋ. ನೋಡಲು ಎರಡೂ ಒಂದೇ ಥರ, ಹಾಗಾಗಿ ಆ ವಿಭಾಗ ತೆಗೆದು ನೋಡದ ಹೊರತು ಗೊತ್ತಾಗುವುದಿಲ್ಲ. ನಾನು ಇದಕ್ಕೆ ಹೊರಡುವ 20 ದಿನ ಮೊದಲು ನೆನಪು ಇಡುತ್ತೇನೆ. ಕಾರ್ಡ್ ಕಳೆದಿದ್ದರೆ ಹೊಸ ಪಿವಿಸಿ ಕಾರ್ಡ್‌ಗೆ ಅರ್ಜಿ ಹಾಕಿ ಅಂಚೆಯಲ್ಲಿ ಬರುವ ತನಕ ಕಾಯಲು ಅಷ್ಟು ದಿನ ಬೇಕು. ಕಾಕಾ, ಕಾಕು ಇಬ್ಬರ ಕಾರ್ಡೂ ಅವರವರ ಹತ್ತಿರವೇ ಇರಲಿ ಅನ್ನುವುದು ನನ್ನ ಹಠ. ಕಾಕಾ ನೀರಿನ ಬಾಟಲಿಗೆ ಪ್ಲಾಟ್‌ಫಾರ್ಮಿಗೆ ಇಳಿದಾಗಲೇ ಟಿಕೆಟ್ ನೋಡುವವರು ಬರಬಹುದು.

ಈ ದಿನಗಳನ್ನೆಲ್ಲ ಒಂದು ಗೂಗಲ್ ಶೀಟ್‌ನಲ್ಲಿ ಹಾಕಿದ್ದೇನೆ. `B1` ಮನೆ ಬಿಡುವ ದಿನ. `B2` ರೈಲು ತನ್ನ ಮೊದಲ ಸ್ಟೇಷನ್ ಬಿಡುವ ದಿನ. ಉಳಿದದ್ದೆಲ್ಲ ಇವೆರಡರಿಂದ ಕಳೆಯುವುದು, ಅಷ್ಟೇ.

```
=B2-90    ಒಟಿಪಿ ಬರುತ್ತದೆಯೇ
=B2-60    ಟಿಕೆಟ್, ಬೆಳಿಗ್ಗೆ 8
=B1-20    ಗುರುತಿನ ಚೀಟಿ
=B1-6     ಗುಳಿಗೆ
```

ಎರಡು ಕೋಶ ಬೇರೆ ಬೇರೆ ಇರುವುದಕ್ಕೆ ಕಾರಣ ಇದೆ. ಟಿಕೆಟ್ ರೈಲಿನ ಲೆಕ್ಕದಲ್ಲಿ ನಡೆಯುತ್ತದೆ, ಮನೆ ನಮ್ಮ ಲೆಕ್ಕದಲ್ಲಿ ನಡೆಯುತ್ತದೆ. ಪ್ರಯಾಣ ಎರಡು ದಿನ ಮುಂದೆ ಹೋದರೆ ಆ ಎರಡು ಕೋಶ ಬದಲಾಯಿಸಿದರೆ ಸಾಕು, ಕೆಳಗಿನದ್ದೆಲ್ಲ ತಾನೇ ಸರಿಯುತ್ತದೆ. ಫೋನಿನ ಕ್ಯಾಲೆಂಡರಿನಲ್ಲಿ ಒಂದೊಂದಾಗಿ ಇಟ್ಟ ನೆನಪುಗಳು ಹಾಗೆ ಸರಿಯುವುದಿಲ್ಲ. ಅವನ್ನು ಕೈಯಿಂದಲೇ ತಿದ್ದಬೇಕು. ಒಂದು ಹಳೇ ನೆನಪು ಉಳಿದುಬಿಟ್ಟರೆ ಅದು ತಪ್ಪು ದಿನ ಬಾರಿಸಿ, ಮುಂದಿನ ಸರಿಯಾದದ್ದನ್ನೂ ಯಾರೂ ನಂಬದ ಹಾಗೆ ಮಾಡುತ್ತದೆ.

ತೆರೆದೇ ಇರುವ ಚೀಲ

ಬಟ್ಟೆ ತುಂಬುವುದಕ್ಕೆ ಯಾರಿಗೂ ನೆನಪು ಬೇಕಿಲ್ಲ. ಕಾಕು ವಾರ ಮೊದಲೇ ಮಗಳಿಗೆ ಸೀರೆ, ಮೊಮ್ಮಗಳಿಗೆ ಪರಕಾರ, ಅಗಸಿ ಚಟ್ನಿ, ಶೇಂಗಾ ಚಟ್ನಿ, ಒಣಗಿದ ಸಜ್ಜಿ ರೊಟ್ಟಿ ಎಲ್ಲ ಕಟ್ಟಿ ಇಟ್ಟಿರುತ್ತಾರೆ. ಉಳಿಯುವುದು ಯಾವಾಗಲೂ ದಿನಾ ಬಳಸುವ ಸಾಮಾನು. ಕನ್ನಡಕ, ಫೋನಿನ ಚಾರ್ಜರ್, ಹಲ್ಲಿನ ಸೆಟ್ಟಿನ ಡಬ್ಬಿ, ಬಿಪಿ ಗುಳಿಗೆ. ಇವನ್ನು ಮುಂಚೆ ತುಂಬಲು ಆಗುವುದಿಲ್ಲ, ಯಾಕೆಂದರೆ ಕೊನೇ ತಾಸಿನ ತನಕ ಬೇಕು. “ಚಾರ್ಜರ್ ಮರೀಬ್ಯಾಡ್ರಿ” ಅಂತ ಮೂರು ದಿನ ಮೊದಲು ಹೇಳಿದರೆ ಹೂಂ ಅನ್ನುತ್ತಾರೆ. ಹೂಂ ಅಂದ ಮೇಲೆ ಅದು ತಲೆಯಿಂದ ಹೋಗುತ್ತದೆ.

ಅದಕ್ಕೆ ಒಂದು ಸಣ್ಣ ಕೈಚೀಲವನ್ನು ಹಿಂದಿನ ದಿನದಿಂದ ಬಾಗಿಲ ಹತ್ತಿರದ ಕುರ್ಚಿಯ ಮೇಲೆ ಬಾಯಿ ತೆರೆದು ಇಡುತ್ತೇವೆ. ಅದರ ಮೇಲೆ ಒಂದು ಚೀಟಿ. ಏನೇನು ಇದರೊಳಗೆ ಬೀಳಬೇಕು ಅಂತ ಬರೆದದ್ದು. ಒಂದು ಬಿದ್ದರೆ ಒಂದು ಗೀಟು. ಚೀಟಿಯಲ್ಲಿ ಗೀಟು ಬೀಳದ್ದು ಉಳಿದಿದ್ದರೆ ಚೀಲದ ಜಿಪ್ ಹಾಕುವಂತಿಲ್ಲ. ಇಲ್ಲಿ ನೆನಪಿಸುವ ಕೆಲಸ ಗಡಿಯಾರದ್ದಲ್ಲ, ಆ ಕುರ್ಚಿಯದ್ದು. ಅದನ್ನು ದಾಟದೆ ಹೊರಗೆ ಹೋಗಲು ದಾರಿ ಇಲ್ಲ.

ಗುಳಿಗೆಯ ಲೆಕ್ಕ ಮಾತ್ರ ಬೇರೆ. ಎಷ್ಟು ಇವೆ ಅಂತ 6 ದಿನ ಮೊದಲು ಬೆಳಿಗ್ಗೆ ಎಣಿಸುತ್ತೇವೆ. ಅಲ್ಲಿ ಉಳಿಯುವ ದಿನ, ಎರಡು ಕಡೆಯ ಪ್ರಯಾಣ, ಅದರ ಮೇಲೆ ಒಂದು ವಾರದ್ದು ಜಾಸ್ತಿ. ಕಾಕು ತೆಗೆದುಕೊಳ್ಳುವ ಒಂದು ಗುಳಿಗೆ ಓಣಿಯ ಅಂಗಡಿಯಲ್ಲಿ ಯಾವಾಗಲೂ ಒಂದೆರಡು ಪಟ್ಟಿ ಮಾತ್ರ ಇರುತ್ತದೆ. ನಾಲ್ಕು ಪಟ್ಟಿ ಬೇಕು ಅಂದರೆ ಅವರು ತರಿಸಿ ಕೊಡುತ್ತಾರೆ, ಎರಡು ದಿನ ಹಿಡಿಯುತ್ತದೆ. ನಡುವೆ ಒಂದು ಭಾನುವಾರ ಬಂದರೆ ಮೂರು. ವೈದ್ಯರ ಚೀಟಿ ಹಳೇದಾಗಿದ್ದರೆ ಹೊಸದು ಬರೆಸಲು ಇನ್ನೊಂದು ದಿನ. ಹೀಗೆ ಕೂಡಿಸಿದರೆ ನಾಲ್ಕು ಬರುತ್ತದೆ, ಕೈಯಲ್ಲಿ ಇನ್ನೆರಡು ದಿನ ಇರಲಿ ಅಂತ ಆರು. ಪುಣೆಯಲ್ಲೂ ಸಿಗುತ್ತದಲ್ಲ ಅಂತ ಕಾಕಾ ಅಂದಿದ್ದರು. ಸಿಗುತ್ತದೆ. ಆದರೆ ಬೇರೆ ಹೆಸರಿನದ್ದು, ಬೇರೆ ಬಣ್ಣದ್ದು ಕೊಟ್ಟರೆ ಕಾಕು ಅದನ್ನು ನುಂಗುವುದಿಲ್ಲ.

ನೀರು ಬಿಡುವ ದಿನ

ಹುಬ್ಬಳ್ಳಿ–ಧಾರವಾಡದಲ್ಲಿ ಮನೆಗೆ ಕೀಲಿ ಹಾಕುವವರು ಬೇರೆ ಊರಿನವರು ಯೋಚಿಸದ ಒಂದು ವಿಷಯ ಯೋಚಿಸಬೇಕಾಗುತ್ತದೆ. ನಮ್ಮ ಎಷ್ಟೋ ಓಣಿಗಳಿಗೆ ಮಲಪ್ರಭೆಯ ನೀರು ದಿನಾ ಬರುವುದಿಲ್ಲ. ಕೆಲವು ದಿನಕ್ಕೊಮ್ಮೆ ಬಿಡುತ್ತಾರೆ. ನೀರು ಇಲ್ಲದ ದಿನ ನಳ ತೆರೆದಿದೆಯೋ ಮುಚ್ಚಿದೆಯೋ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ. ನೀರು ಬಂದರೆ ಗೊತ್ತಾಗಲಿ ಅಂತ ಬೇಕೆಂದೇ ತೆರೆದಿಡುವವರೂ ಇದ್ದಾರೆ. ಹಾಗೇ ಕೀಲಿ ಹಾಕಿ ಹೋದರೆ ಮುಂದಿನ ಸಲ ನೀರು ಬಿಟ್ಟಾಗ ಸಂಪ್ ತುಂಬಿ, ಅಂಗಳ ತುಂಬಿ, ಹೊರಗೆ ಹರಿಯುತ್ತದೆ. ಸಂಪ್‌ನೊಳಗೆ ಫ್ಲೋಟ್ ವಾಲ್ವ್ ಇದ್ದರೆ ನೀರು ಮೇಲೆ ಬಂದಾಗ ತಾನೇ ನಿಲ್ಲಬೇಕು. ಆದರೆ ಆ ಚೆಂಡು ಕಸ ಸಿಕ್ಕಿ ನಿಂತುಬಿಡುವುದು ಸಾಮಾನ್ಯ.

ಮೀಟರಿನ ಹತ್ತಿರದ ಮುಖ್ಯ ವಾಲ್ವ್ ಬಂದ್ ಮಾಡಿದರೆ ಆಯಿತಲ್ಲ ಅನ್ನಬಹುದು. ಹಳೇ ವಾಲ್ವ್ ಪೂರ್ತಿ ತಿರುಗಿಸಿದರೂ ಒಳಗಿನಿಂದ ನೀರು ಬಿಡುತ್ತಿರುತ್ತದೆ. ಅದು ಗೊತ್ತಾಗುವುದು ನೀರು ಬಂದ ದಿನ ಮಾತ್ರ. ಹಾಗಾಗಿ ಈ ಒಂದು ಕೆಲಸವನ್ನು ಕ್ಯಾಲೆಂಡರಿನ ದಿನದಲ್ಲಿ ಎಣಿಸಿದರೆ ಉಪಯೋಗ ಇಲ್ಲ. ನೀರು ಬಿಡುವ ದಿನಗಳಲ್ಲಿ ಎಣಿಸಬೇಕು. ಹೊರಡುವ ಮುಂಚಿನ ಕೊನೆಯ ನೀರಿನ ದಿನ ಪರೀಕ್ಷೆಗೆ. ನೀರು ಜೋರಾಗಿ ಬರುತ್ತಿರುವಾಗಲೇ ಮುಖ್ಯ ವಾಲ್ವ್ ಬಂದ್ ಮಾಡಿ, ಅಂಗಳದ ನಳ ತೆರೆದು ಕೆಳಗೆ ಒಂದು ಚೆಂಬು ಇಟ್ಟು ಹತ್ತು ನಿಮಿಷ ನಿಲ್ಲಬೇಕು. ಚೆಂಬಿನಲ್ಲಿ ನೀರು ಏರುತ್ತಿದ್ದರೆ ವಾಲ್ವ್ ಕೆಟ್ಟಿದೆ. ಕಾಕಾ ಮನೆಯದು ಕೆಟ್ಟಿತ್ತು. ಪ್ಲಂಬರ್ ಬಂದು ಹೊಸದು ಹಾಕಿದ. ಅದು ಸರಿಯಾಗಿ ಹಿಡಿಯಿತೋ ಇಲ್ಲವೋ ನೋಡಲು ಮತ್ತೆ ನೀರು ಬರಬೇಕಿತ್ತು. ಅದೃಷ್ಟಕ್ಕೆ ಹೊರಡುವುದರೊಳಗೆ ಇನ್ನೊಂದು ಸಲ ಬಂತು. ಈಗ ನನ್ನ ಪಟ್ಟಿಯಲ್ಲಿ ಈ ಕೆಲಸದ ಮುಂದೆ “ಕೊನೆಯದಕ್ಕೆ ಮುಂಚಿನ ನೀರಿನ ದಿನ” ಅಂತ ಇದೆ. ಇದನ್ನು ಯಾವ ಫೋನಿಗೂ ಹೇಳಲು ಬರುವುದಿಲ್ಲ. ಓಣಿಗೆ ನೀರು ಬಂದಾಗ ಕೊಡಗಳ ಸಪ್ಪಳ ಕೇಳಿ ನಾವೇ ನೆನೆಸಿಕೊಳ್ಳಬೇಕು.

ಫ್ರಿಜ್ ವಿಷಯ ಚಿಕ್ಕದು. ತಿಂಗಳು ಬಂದ್ ಇಡುವುದಾದರೆ ಹಿಂದಿನ ದಿನವೇ ಖಾಲಿ ಮಾಡಿ ಆರಿಸಬೇಕು, ಮಂಜು ಕರಗಿ ಒರೆಸಲು ಒಂದು ರಾತ್ರಿ ಬೇಕು. ಬಾಗಿಲು ಸ್ವಲ್ಪ ತೆರೆದಿರಲಿ, ಇಲ್ಲದಿದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಹಾಲಿನವನಿಗೂ ಪೇಪರ್ ಹುಡುಗನಿಗೂ ಎರಡು ದಿನ ಮೊದಲು ಹೇಳಿ, ಹಿಂದಿನ ದಿನ ಮತ್ತೊಮ್ಮೆ ಹೇಳಬೇಕು. ಬಾಗಿಲ ಮುಂದೆ ಬಿದ್ದ ಮೂರು ಪೇಪರು ಮನೆಯಲ್ಲಿ ಯಾರೂ ಇಲ್ಲ ಅಂತ ಇಡೀ ಓಣಿಗೆ ಸಾರುತ್ತವೆ.

ಕೊನೆಯ ಎರಡು ತಾಸು

ಇಲ್ಲಿಂದ ಮುಂದೆ ಸಂದೇಶದ ನೆನಪು ಕೆಲಸಕ್ಕೆ ಬರುವುದಿಲ್ಲ. ಹೊರಡುವ ಗಡಿಬಿಡಿಯಲ್ಲಿ ಯಾರೂ ಫೋನು ನೋಡುವುದಿಲ್ಲ. ಕೆಲವು ಫೋನುಗಳಲ್ಲಿ ಬ್ಯಾಟರಿ ಉಳಿಸುವ ವ್ಯವಸ್ಥೆ ಇಂಥ ಸಂದೇಶಗಳನ್ನು ತಡ ಮಾಡುವುದೂ ಉಂಟು. ಹಾಗಾಗಿ ಕೊನೆಯ ಎರಡು ತಾಸಿಗೆ ಗಡಿಯಾರದ ಅಲಾರ್ಮ್ ಇಡುತ್ತೇನೆ, ಕೈ ಹಚ್ಚಿ ನಿಲ್ಲಿಸುವ ತನಕ ಬಾರಿಸುವಂಥದ್ದು. ಅದು ಕೂಡ ಕಾಕಾ ಫೋನಿನಲ್ಲಿ, ನನ್ನದರಲ್ಲಿ ಅಲ್ಲ. ಕೆಲಸ ಯಾರ ಕೈಯಲ್ಲಿದೆಯೋ ಗಂಟೆ ಅವರ ಹತ್ತಿರವೇ ಬಾರಿಸಬೇಕು.

ಮೊದಲ ಅಲಾರ್ಮ್ ರಾತ್ರಿ 8:45ಕ್ಕೆ. ಅದರ ಹೆಸರು “ದೇವರ ದೀಪ”. ದೀಪ ಹಚ್ಚಿ, ಕೈ ಮುಗಿದು, ಕುಂಕುಮ ಹಚ್ಚಿಕೊಂಡು ಹೊರಡುವುದು ನಮ್ಮಲ್ಲಿ ಬಹಳ ಮನೆಗಳ ಪದ್ಧತಿ. ಕಾಕು ಅದನ್ನು ಹೊಸ್ತಿಲು ದಾಟುವ ಮುಂಚಿನ ಕೊನೆಯ ಕೆಲಸವಾಗಿ ಮಾಡುತ್ತಿದ್ದರು. ಹಚ್ಚಿದ ದೀಪವನ್ನು ಆರಿಸಲು ಅವರಿಗೆ ಮನಸ್ಸು ಬರುವುದಿಲ್ಲ. “ಊರಿಗೆ ಹೊಂಟಾಗ ದೀಪ ಆರಿಸಬಾರದವಾ,” ಅನ್ನುತ್ತಾರೆ. ಅಂದರೆ ಎಣ್ಣೆ ತುಂಬಿದ ದೀಪ ಬೀಗ ಹಾಕಿದ ಮನೆಯೊಳಗೆ ಉರಿಯುತ್ತಿರುತ್ತದೆ. ಪಕ್ಕದಲ್ಲಿ ಹೂವಿನ ಬುಟ್ಟಿ, ಹತ್ತಿಯ ಬತ್ತಿಗಳು, ಮೇಲೆ ಪರದೆ. ಇಲಿ ಬತ್ತಿ ಎಳೆಯಬಹುದು. ಇದರ ಬಗ್ಗೆ ನನಗೆ ನಿಜಕ್ಕೂ ಹೆದರಿಕೆ. ದೀಪ ಬೇಡ ಅನ್ನುವ ಮಾತು ಅವರ ಹತ್ತಿರ ಆಡುವಂಥದ್ದಲ್ಲ, ಆಡುವ ಮನಸ್ಸೂ ನನಗಿಲ್ಲ. ಕಾಕು ಜೊತೆ ಕೂತು ಮಾತಾಡಿ ಒಂದು ದಾರಿ ಕಂಡುಕೊಂಡೆವು. ಸಣ್ಣ ಹಣತೆ, ಅದರಲ್ಲಿ ಒಂದು ಚಮಚೆ ಎಣ್ಣೆ, ಊಟಕ್ಕೆ ಮುಂಚೆ ಹಚ್ಚುವುದು. ಊಟ, ಪಾತ್ರೆ, ಬಟ್ಟೆ ಬದಲಾಯಿಸುವುದು ಎಲ್ಲ ಮುಗಿಯುವಷ್ಟರಲ್ಲಿ ಅದು ತಾನೇ ಶಾಂತವಾಗುತ್ತದೆ. ಹೊರಡುವಾಗ ಬರೀ ಕೈ ಮುಗಿದು ಹೊರಡುವುದು. ಎಷ್ಟು ಎಣ್ಣೆ ಎಷ್ಟು ಹೊತ್ತು ಉರಿಯುತ್ತದೆ ಅಂತ ಕಾಕು ಅದರ ಹಿಂದಿನ ವಾರವೇ ಒಂದು ಸಂಜೆ ಹಚ್ಚಿ ನೋಡಿದ್ದರು. ಅವರ ಈ ಎಚ್ಚರ ನೋಡಿ ನನಗೆ ಬಹಳ ಸಮಾಧಾನ ಆಯಿತು.

ಎರಡನೇ ಅಲಾರ್ಮ್ 10:15ಕ್ಕೆ, ಗ್ಯಾಸ್. ಕಾಕಾಗೆ ಹೊರಡುವ ಮುಂಚೆ ಒಂದು ಕಪ್ ಚಹಾ ಬೇಕೇ ಬೇಕು. ಹಿಂದೆಲ್ಲ ಗ್ಯಾಸ್ ಒಮ್ಮೆ ಬಂದ್ ಆಗಿ, ಮತ್ತೆ ಚಹಾಕ್ಕೆ ಅಂತ ತೆರೆದು, ಆಮೇಲೆ ಬಂದ್ ಆಯಿತೋ ಇಲ್ಲವೋ ಅನ್ನುವ ಅನುಮಾನ ರೈಲಿನ ತನಕ ಬರುತ್ತಿತ್ತು. ಈಗ ಚಹಾ ಹತ್ತು ಗಂಟೆಗೇ ಥರ್ಮಾಸ್‌ಗೆ ಹೋಗುತ್ತದೆ. ಆಮೇಲೆ ರೆಗ್ಯುಲೇಟರ್ ನಾಬ್ ಆಫ್‌ಗೆ ತಿರುಗಿಸಿ, ರೆಗ್ಯುಲೇಟರನ್ನೇ ಸಿಲಿಂಡರಿನಿಂದ ತೆಗೆದು, ದಾರಕ್ಕೆ ಕಟ್ಟಿರುವ ಬಿಳಿ ಸೇಫ್ಟಿ ಕ್ಯಾಪ್ ಒತ್ತಿ ಕೂರಿಸುವುದು. ತಿಂಗಳ ಮಟ್ಟಿಗೆ ಇದೇ ಸರಿ. ಕ್ಯಾಪ್ ಹಾಕಿದ ಸಿಲಿಂಡರ್ ನೋಡಿದರೆ ಸಾಕು, ಅನುಮಾನಕ್ಕೆ ಜಾಗವೇ ಇರುವುದಿಲ್ಲ.

ಅನುಮಾನ ಯಾಕೆ ಬರುತ್ತದೆ ಅಂತ ನಾನು ಬಹಳ ಯೋಚಿಸಿದ್ದೇನೆ. ಕೀಲಿ ಹಾಕುವುದು, ಗೀಸರ್ ಸ್ವಿಚ್ ಆರಿಸುವುದು, ಹಿತ್ತಲ ಬಾಗಿಲ ಅಗಳಿ ಜಡಿಯುವುದು ಎಲ್ಲ ದಿನಾ ಮಾಡುವ ಕೆಲಸ. ಕೈ ತಾನೇ ಮಾಡುತ್ತದೆ, ಮನಸ್ಸು ಬೇರೆ ಎಲ್ಲೋ ಇರುತ್ತದೆ. ಇವತ್ತು ಮಾಡಿದ್ದು, ನಿನ್ನೆ ಮಾಡಿದ್ದು ಎರಡೂ ನೆನಪಿನಲ್ಲಿ ಒಂದೇ ಥರ. ಆಟೊ ಹೊಸೂರು ದಾಟುವಾಗ ಕಾಕು ಕೇಳುವುದು ಇದನ್ನೇ: “ಏನ್ರೀ, ಕೀಲಿ ಜಗ್ಗಿ ನೋಡಿದ್ರ್ಯಾ?” ಜಗ್ಗಿ ನೋಡಿರುತ್ತಾರೆ. ಆದರೆ ಹೌದು ಅಂತ ಗಟ್ಟಿಯಾಗಿ ಹೇಳಲು ಕಾಕಾಗೆ ಆಗುವುದಿಲ್ಲ. ಅದಕ್ಕೆ ಈಗ ಮೂರು ಫೋಟೋ. ಕ್ಯಾಪ್ ಹಾಕಿದ ಸಿಲಿಂಡರ್, ಮೀಟರ್ ಹತ್ತಿರದ ವಾಲ್ವ್, ಬಾಗಿಲಿಗೆ ಬಿದ್ದ ಕೀಲಿ. ಫೋಟೋದಲ್ಲಿ ದಿನ, ಹೊತ್ತು ತಾನೇ ಕೂರುತ್ತದೆ. ಜೊತೆಗೆ ಕೀಲಿ ಜಗ್ಗುವಾಗ ಕಾಕಾ ಬಾಯಿಬಿಟ್ಟು “ಕೀಲಿ ಬಿತ್ತು” ಅನ್ನುತ್ತಾರೆ, ಕಾಕು “ಹೂಂ, ಬಿತ್ತು” ಅನ್ನುತ್ತಾರೆ. ಇಬ್ಬರ ಕಿವಿಗೂ ಬಿದ್ದದ್ದು ಮರೆಯುವುದಿಲ್ಲ. ಒಂದು ಕೀಲಿಕೈ ನಮ್ಮ ಮನೆಯಲ್ಲಿ ಇರುತ್ತದೆ.

ಹೊಸ್ತಿಲಿನಿಂದ ಬೋಗಿಯ ತನಕ

00:35ರ ರೈಲಿಗೆ 10:45 ಯಾಕೆ ಅಂತ ಕೇಳಬಹುದು. ರಾತ್ರಿ ಹೊತ್ತು ವಿದ್ಯಾನಗರದಿಂದ ಸ್ಟೇಷನ್‌ಗೆ ಆಟೊದಲ್ಲಿ ಜಾಸ್ತಿ ಹೊತ್ತು ಬೇಕಿಲ್ಲ, ಆಟೊ ಸಿಗುವುದೇ ಕಷ್ಟ. ಚಿಗರಿ ಬಸ್ಸನ್ನು ಆ ಹೊತ್ತಿಗೆ ನೆಚ್ಚಿಕೊಳ್ಳುವಂತಿಲ್ಲ. ಪರಿಚಯದ ಆಟೊದವರಿಗೆ ಹಿಂದಿನ ದಿನ ಹೇಳಿ, ಸಂಜೆ ಮತ್ತೊಮ್ಮೆ ಫೋನು ಮಾಡುತ್ತೇವೆ. ಇನ್ನುಳಿದ ಹೊತ್ತು ಪ್ಲಾಟ್‌ಫಾರ್ಮಿಗೆ. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಒಂದು ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರ್. 2023ರ ಮಾರ್ಚ್‌ನಲ್ಲಿ ಅದು ಉದ್ಘಾಟನೆ ಆದಾಗ ಜಗತ್ತಿನಲ್ಲೇ ಉದ್ದದ್ದು ಅಂತ ಊರೆಲ್ಲ ಹೆಮ್ಮೆ ಪಟ್ಟಿತ್ತು. ಆ ಹೆಮ್ಮೆ ನನಗೂ ಇದೆ. ಆದರೆ ಮೊಣಕಾಲು ನೋವಿನ ಕಾಕು ಬೋಗಿ ಆ ತುದಿಗೆ ಇದೆ ಅಂತ ಕೊನೇ ಐದು ನಿಮಿಷದಲ್ಲಿ ತಿಳಿದರೆ ನಡೆದು ಮುಟ್ಟಲು ಆಗುವುದಿಲ್ಲ. ಗಟ್ಟಿ ಇರುವವರೇ ಒಂದು ತುದಿಯಿಂದ ಇನ್ನೊಂದು ತುದಿಗೆ ಇಪ್ಪತ್ತು ನಿಮಿಷ ನಡೆಯಬೇಕು. ಯಾವ ಪ್ಲಾಟ್‌ಫಾರ್ಮ್, ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಹೋದ ಕೂಡಲೇ ಕೇಳಿಕೊಂಡು, ನಿಧಾನಕ್ಕೆ ನಡೆದು, ಅಲ್ಲಿ ಹೋಗಿ ಕೂರುವುದೇ ಸರಿ.

ಇನ್ನು ರೈಲು ತಡ ಆಗುವ ವಿಷಯ. 139ಕ್ಕೆ ಫೋನು ಮಾಡಿದರೆ, ಇಲ್ಲವೇ ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ನೋಡಿದರೆ ರೈಲು ಎಲ್ಲಿದೆ ಅಂತ ಗೊತ್ತಾಗುತ್ತದೆ. ನಾನು ರಾತ್ರಿ ಒಂಬತ್ತೂವರೆಗೆ ಒಮ್ಮೆ ನೋಡುತ್ತೇನೆ. ಮುಕ್ಕಾಲು ಗಂಟೆ ತಡ ಅಂತ ತೋರಿಸಿದರೂ ಮನೆ ಬಿಡುವ ಹೊತ್ತನ್ನು ಮುಂದೆ ಹಾಕಲು ಬಿಡುವುದಿಲ್ಲ. ವೇಳಾಪಟ್ಟಿಯಲ್ಲಿ ದೊಡ್ಡ ಸ್ಟೇಷನ್‌ಗೆ ಮುಂಚೆ ಸ್ವಲ್ಪ ಹೆಚ್ಚಿನ ಸಮಯ ಇಟ್ಟಿರುತ್ತಾರೆ, ತಡ ಆದ ರೈಲು ಅಲ್ಲಿ ಹೊತ್ತು ಕೂಡಿಸಿಕೊಂಡು ಬಿಡುತ್ತದೆ. ಎರಡು ಗಂಟೆಗಿಂತ ಜಾಸ್ತಿ ತಡ ಇದ್ದರೆ ಮಾತ್ರ ಅರ್ಧ ಗಂಟೆ ತಡೆದು ಹೊರಡಬಹುದು. ಅದಕ್ಕಿಂತ ಹೆಚ್ಚು ತಡೆಯುವುದು ಬೇಡ, ಆಟೊದವರೂ ಮನೆಗೆ ಹೋಗಿ ಮಲಗಬೇಕು.

ಕಳೆದ ಸಲ ಇವೆಲ್ಲ ಮುಗಿಸಿ ಅವರು ಹನ್ನೊಂದೂವರೆಗೆ ಬೋಗಿ ನಿಲ್ಲುವ ಜಾಗದಲ್ಲಿ ಕೂತಿದ್ದರು. ನಾನು ಹಿಂದಿರುಗಿ ಬಂದು ಶೀಟ್ ತೆಗೆದು, ವಾಪಸ್ ಟಿಕೆಟ್‌ನ ದಿನಾಂಕ ಹೊಸ ಸಾಲಿನಲ್ಲಿ ಹಾಕಿದೆ. ಪುಣೆಯಿಂದ ಬರುವ ರೈಲು ಹುಬ್ಬಳ್ಳಿಗೆ ನಸುಕಿನಲ್ಲಿ ಬರುತ್ತದೆ, ಫೆಬ್ರವರಿ 12ರ ರಾತ್ರಿ ಹೊರಟು 13ಕ್ಕೆ. ಹಾಲು 13ರಿಂದ ಬೇಕೋ 14ರಿಂದ ಬೇಕೋ ಅಂತ ಕಾಕುಗೆ ಕೇಳುವುದು ಇನ್ನೂ ಬಾಕಿ ಇತ್ತು.